ಕಲೆಕ್ಟ್ ರಿಕ್ವೆಸ್ಟ್ ಒಪ್ಪಿದರೆ ಹಣ ಬರುವುದಿಲ್ಲ, ಹೋಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಬ್ಯಾಂಕ್ ಶಾಖೆಯೊಂದರ ಕೌಂಟರಿನಲ್ಲಿ ಕುಳಿತು ಹಲವು ವರ್ಷ ಕೇಳಿಸಿಕೊಂಡ ಪ್ರಶ್ನೆಗಳಿವು. ಕೇಳಿದವರಲ್ಲಿ ನೆಹರು ಗಂಜಿನ ಅಡತಿ ಅಂಗಡಿಗಳ ಮುನೀಮರಿದ್ದರು, ತೊಗರಿ ಮಾರಿ ಬಂದ ಆಳಂದ ಕಡೆಯ ರೈತರಿದ್ದರು, ಕಾಲೇಜು ಹುಡುಗರೂ ಇದ್ದರು. ಪ್ರಶ್ನೆಯ ಮಾತು ಬೇರೆಬೇರೆಯಾಗಿದ್ದರೂ ಗೊಂದಲ ಒಂದೇ ಆಗಿರುತ್ತಿತ್ತು.

ಕಲೆಕ್ಟ್ ರಿಕ್ವೆಸ್ಟ್ ಎಂದರೆ ನಿಖರವಾಗಿ ಏನು?

ಯುಪಿಐನಲ್ಲಿ ಹಣ ಎರಡು ರೀತಿಯಲ್ಲಿ ಚಲಿಸಬಹುದು. ಕೊಡುವವರು ತಾವೇ ಮುಂದಾಗಿ, ಪಡೆಯುವವರ ಮೊಬೈಲ್ ಸಂಖ್ಯೆಯನ್ನೋ ಯುಪಿಐ ಐಡಿಯನ್ನೋ ಹಾಕಿ ಕಳಿಸುವುದು ಮೊದಲನೆಯ ರೀತಿ. ಎರಡನೆಯದರಲ್ಲಿ ಮೊದಲ ಹೆಜ್ಜೆ ಇಡುವವರು ಪಡೆಯುವವರು: ಅವರು ತಮ್ಮ ಆ್ಯಪ್‌ನಲ್ಲಿ ನಿಮ್ಮ ಯುಪಿಐ ಐಡಿಯನ್ನೂ ಒಂದು ಮೊತ್ತವನ್ನೂ ತುಂಬಿ "ಇಷ್ಟು ಹಣ ನನಗೆ ಕೊಡಿ" ಎಂಬ ಬೇಡಿಕೆಯನ್ನು ನಿಮ್ಮ ಮೊಬೈಲಿಗೆ ಕಳಿಸುತ್ತಾರೆ. ಈ ಬೇಡಿಕೆಯೇ ಕಲೆಕ್ಟ್ ರಿಕ್ವೆಸ್ಟ್. ಕಿರಾಣಿ ಅಂಗಡಿಯವರು ಉದ್ರಿ ಲೆಕ್ಕದ ಚೀಟಿಯನ್ನು ಹುಡುಗನ ಕೈಯಲ್ಲಿ ಮನೆಗೆ ಕಳಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ. ಚೀಟಿ ಬಂದಿದೆ ಎಂದರೆ ಕೊಡಬೇಕಾದವರು ನೀವು ಎಂದು ಅವರು ಹೇಳುತ್ತಿದ್ದಾರೆ ಎಂದು ಅರ್ಥ. ನೀವು ನಿಜವಾಗಿಯೂ ಕೊಡಬೇಕೋ ಇಲ್ಲವೋ ಎಂಬುದು ಆ ಚೀಟಿಗೆ ಗೊತ್ತಿರುವುದಿಲ್ಲ.

ಹೆಸರೇ "ಕಲೆಕ್ಟ್" ಎಂದಿದೆ, ಬಟನ್ "ಆಕ್ಸೆಪ್ಟ್" ಎನ್ನುತ್ತದೆ. ಒಪ್ಪಿದರೆ ನಮಗೇಕೆ ಹಣ ಬರುವುದಿಲ್ಲ?

ಮೋಸದ ಬೇರು ಈ ಎರಡು ಪದಗಳಲ್ಲಿದೆ ಎಂದೇ ನನಗೆ ಅನಿಸುತ್ತದೆ. "ಕಲೆಕ್ಟ್" ಎಂಬ ಹೆಸರನ್ನು ಇಟ್ಟಿರುವುದು ಕೋರಿಕೆ ಕಳಿಸಿದವರ ಕಡೆಯಿಂದ ನೋಡಿ. ವಸೂಲಿ ಮಾಡುವವರು ಅವರು, ವಸೂಲಿಗೆ ಒಳಗಾಗುವವರು ನೀವು. "ಆಕ್ಸೆಪ್ಟ್" ಎಂಬುದು ಕನ್ನಡಕ್ಕೆ ಬಂದಾಗ ಗೊಂದಲ ಇನ್ನೂ ಹೆಚ್ಚುತ್ತದೆ, ಏಕೆಂದರೆ ನಮ್ಮಲ್ಲಿ "ಸ್ವೀಕರಿಸು" ಎಂಬ ಒಂದೇ ಕ್ರಿಯಾಪದ ಕೋರಿಕೆಗೂ ಹೊಂದುತ್ತದೆ, ಹಣಕ್ಕೂ ಹೊಂದುತ್ತದೆ. ಕೋರಿಕೆಯನ್ನು ಸ್ವೀಕರಿಸುವುದೆಂದರೆ ಅದಕ್ಕೆ ಒಪ್ಪಿ ಹಣ ಕೊಡುವುದು. ಹಣವನ್ನು ಸ್ವೀಕರಿಸುವುದೆಂದರೆ ಕೈಗೆ ತೆಗೆದುಕೊಳ್ಳುವುದು. ವಂಚಕನು ಫೋನಿನಲ್ಲಿ ಮೊದಲನೆಯದನ್ನು ಮಾಡಿಸುತ್ತ ಎರಡನೆಯದನ್ನು ಮಾಡಿಸುತ್ತಿರುವಂತೆ ಮಾತನಾಡುತ್ತಾನೆ.

ಶಾಖೆಯ ಕೌಂಟರನ್ನೇ ನೆನಪಿಸಿಕೊಳ್ಳಿ. ನಿಮ್ಮ ಖಾತೆಗೆ ಹಣ ಕಟ್ಟಲು ನಿಮ್ಮ ಅಣ್ಣನ ಮಗ ಬಂದರೂ ಸರಿ, ಖಾತೆ ಸಂಖ್ಯೆ ಬರೆದು ಕಟ್ಟಿ ಹೋಗುತ್ತಾನೆ. ನಿಮ್ಮ ಸಹಿ ತಾಳೆಯಾಗುತ್ತದೆಯೇ ಎಂದು ಯಾರೂ ನೋಡುವುದಿಲ್ಲ, ನೀವು ಊರಲ್ಲಿರಬೇಕೆಂದೂ ಇಲ್ಲ. ಹಣ ತೆಗೆಯುವ ಚೀಟಿಯಾದರೆ ಮಾತ್ರ ನಾವು ಸಹಿಯನ್ನು ತಾಳೆ ನೋಡುತ್ತೇವೆ. ಯುಪಿಐ ಪಿನ್ ಎಂಬುದು ಈ ಸಹಿ. ಹಾಗಾಗಿ ಪಿನ್ ಕೇಳುವ ಪುಟ ನಿಮ್ಮ ಮುಂದೆ ತೆರೆದಿದ್ದು, ಅದರ ಮೇಲೆ ಒಂದು ಮೊತ್ತ ಬರೆದಿದ್ದರೆ, ನೀವು ಹಿಡಿದಿರುವುದು ಹಣ ತೆಗೆಯುವ ಚೀಟಿ, ಕಟ್ಟುವ ಚೀಟಿಯಲ್ಲ.

ಪಿನ್ ಒತ್ತಿದ ಮೇಲೆ ಒಳಗೆ ಏನೇನು ನಡೆಯುತ್ತದೆ?

ಕೋರಿಕೆ ಕಳಿಸಿದವರ ಆ್ಯಪ್‌ನಿಂದ ಅದು ಆ ಆ್ಯಪ್‌ಗೆ ಸೇವೆ ಕೊಡುವ ಬ್ಯಾಂಕಿಗೆ, ಅಲ್ಲಿಂದ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮಕ್ಕೆ, ಅಂದರೆ ಎನ್‌ಪಿಸಿಐಗೆ ಹೋಗುತ್ತದೆ. ನಿಗಮವು ನಿಮ್ಮ ಯುಪಿಐ ಐಡಿಯನ್ನು ನೋಡಿ, ನಿಮ್ಮ ಆ್ಯಪ್‌ಗೆ ಸೇವೆ ಕೊಡುವ ಬ್ಯಾಂಕಿನ ಮೂಲಕ ಕೋರಿಕೆಯನ್ನು ನಿಮ್ಮ ಮೊಬೈಲಿಗೆ ತಲುಪಿಸುತ್ತದೆ. ಇಲ್ಲಿಯವರೆಗೆ ಯಾವ ಖಾತೆಯಲ್ಲೂ ಒಂದು ಪೈಸೆ ಅಲುಗಾಡಿರುವುದಿಲ್ಲ.

ನೀವು ಒಪ್ಪಿ ಪಿನ್ ಹಾಕಿದಾಗ ಆ ಪಿನ್ ಗೂಢಲಿಪಿಗೆ ತಿರುಗಿ, ನಿಗಮದ ಮೂಲಕ ನೀವು ಖಾತೆ ಇಟ್ಟಿರುವ ಬ್ಯಾಂಕಿಗೆ ಬರುತ್ತದೆ. ಬ್ಯಾಂಕು ಪಿನ್ ಸರಿಯಿದೆಯೇ ಎಂದು ನೋಡಿ ಮೊದಲು ನಿಮ್ಮ ಖಾತೆಯಿಂದ ಹಣವನ್ನು ಕಡಿತ ಮಾಡುತ್ತದೆ. ಕಡಿತವಾಯಿತು ಎಂಬ ಉತ್ತರ ನಿಗಮಕ್ಕೆ ತಲುಪಿದ ಮೇಲೆಯೇ ಎದುರಿನವರ ಬ್ಯಾಂಕಿಗೆ "ಜಮಾ ಮಾಡಿ" ಎಂಬ ಸೂಚನೆ ಹೋಗುತ್ತದೆ. ಇದೆಲ್ಲ ಕೆಲವು ಕ್ಷಣಗಳ ಕೆಲಸ. ಗಮನಿಸಬೇಕಾದದ್ದು ಇಷ್ಟೇ: ಪಿನ್ ಪರೀಕ್ಷಿಸುವುದು ಕೊಡುವವರ ಬ್ಯಾಂಕು. ಪಡೆಯುವವರ ಬ್ಯಾಂಕು ಪಡೆಯುವವರನ್ನು ಏನನ್ನೂ ಕೇಳುವುದಿಲ್ಲ, ಏಕೆಂದರೆ ಖಾತೆಗೆ ಹಣ ಬಂದು ಬೀಳಲು ಖಾತೆದಾರರ ಒಪ್ಪಿಗೆ ಬೇಕೆಂಬ ಹೆಜ್ಜೆಯೇ ಈ ವ್ಯವಸ್ಥೆಯಲ್ಲಿ ಇಲ್ಲ.

"ನಾ ಪಿನ್ ಯಾರಿಗೂ ಹೇಳಿಲ್ರಿ, ಓಟಿಪಿನೂ ಕೊಟ್ಟಿಲ್ಲ. ರೊಕ್ಕ ಹ್ಯಾಂಗ ಹೋದ್ವು?"

ಹೀಗೆ ಕೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಪಿನ್ ಹೇಳಬೇಡಿ, ಓಟಿಪಿ ಕೊಡಬೇಡಿ ಎಂದು ನಾವೇ ಗೋಡೆಯ ಮೇಲೆ ಬರೆದು ಹಾಕಿದ್ದೇವೆ, ಅವರು ಅದನ್ನು ಅಕ್ಷರಶಃ ಪಾಲಿಸಿದ್ದಾರೆ. ಆದರೆ ಈ ಮೋಸದಲ್ಲಿ ವಂಚಕನಿಗೆ ನಿಮ್ಮ ಪಿನ್ ತಿಳಿಯುವ ಅಗತ್ಯವೇ ಇಲ್ಲ. ಮೊತ್ತವನ್ನೂ ತನ್ನ ವಿಳಾಸವನ್ನೂ ಅವನು ಮೊದಲೇ ತುಂಬಿ ಕಳಿಸಿದ್ದಾನೆ. ಉಳಿದಿರುವುದು ಸಹಿ ಮಾತ್ರ, ಅದನ್ನು ನೀವು ನಿಮ್ಮದೇ ಮೊಬೈಲಿನಲ್ಲಿ, ನಿಮ್ಮದೇ ಬೆರಳಿನಿಂದ ಹಾಕುತ್ತೀರಿ. ಹೇಳಬೇಡಿ ಎಂಬ ಎಚ್ಚರಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಹಾಕಬೇಡಿ ಎಂಬುದು ಬೇಕಿತ್ತು.

ಒಂದು ನಿಜವಾದ ಪ್ರಸಂಗ ಹೇಳುತ್ತೀರಾ?

2025ರ ಏಪ್ರಿಲ್‌ನಲ್ಲಿ, ಜೇವರ್ಗಿ ರಸ್ತೆಯ ಕಡೆ ಹೊಲಿಗೆ ಕೆಲಸ ಮಾಡುವ ಒಬ್ಬ ಮಹಿಳೆ ಪಾಸ್‌ಬುಕ್ ಹಿಡಿದು ಬಂದರು. ನಮ್ಮೂರ ಬೇಸಿಗೆಯಲ್ಲಿ ಏರ್ ಕೂಲರಿಗೆ ಗಿರಾಕಿ ಹುಡುಕಬೇಕಾಗಿಲ್ಲ. ಅವರು ಮನೆಯ ಹಳೆಯ ಕೂಲರನ್ನು 4,500 ರೂಪಾಯಿಗೆ ಮಾರುವುದಾಗಿ ಫೋಟೋ ಸಮೇತ ಆನ್‌ಲೈನ್‌ನಲ್ಲಿ ಹಾಕಿದ್ದರು. ಅರ್ಧ ಗಂಟೆಯಲ್ಲಿ ಕರೆ ಬಂತು. ಹಿಂದಿಯಲ್ಲಿ ಮಾತನಾಡಿದವನು ತಾನು ಸೈನ್ಯದಲ್ಲಿರುವುದಾಗಿಯೂ, ಬೀದರಿಗೆ ವರ್ಗವಾಗಿದೆಯೆಂದೂ, ಕೂಲರನ್ನು ನೋಡದೆಯೇ ಕೊಳ್ಳುವುದಾಗಿಯೂ ಹೇಳಿದ. ದರದಲ್ಲಿ ಚೌಕಾಸಿಯನ್ನೇ ಮಾಡಲಿಲ್ಲ. ಹಳೆಯ ಕೂಲರಿಗೆ ಚೌಕಾಸಿ ಮಾಡದ ಗಿರಾಕಿಯನ್ನು ಕಂಡಾಗಲೇ ಅನುಮಾನ ಬರಬೇಕಿತ್ತು ಎಂದು ಅವರೇ ಆಮೇಲೆ ನಕ್ಕರು.

ಖಾತೆಯಲ್ಲಿ ಆಗ 6,240 ರೂಪಾಯಿ ಇತ್ತು. ನಂಬರು ಸರಿಯಿದೆಯೇ ನೋಡುತ್ತೇನೆ ಎಂದು ಅವನು ಮೊದಲು 5 ರೂಪಾಯಿ ಕಳಿಸಿದ, ಅದು ಬಂತು, ಬಾಕಿ 6,245 ಆಯಿತು. ಆಮೇಲೆ "ಮುಂಗಡ 1,500 ಕಳಿಸಿದ್ದೇನೆ, ರಿಕ್ವೆಸ್ಟ್ ಬಂದಿದೆ ನೋಡಿ, ಆಕ್ಸೆಪ್ಟ್ ಮಾಡಿ ಪಿನ್ ಹಾಕಿದರೆ ಜಮಾ ಆಗುತ್ತದೆ" ಎಂದ. ಇವರು ಹಾಗೆಯೇ ಮಾಡಿದರು. ಬಾಕಿ 4,745ಕ್ಕೆ ಇಳಿದಿತ್ತು. "ಅಯ್ಯೋ, ಉಲ್ಟಾ ಆಗಿಬಿಟ್ಟಿದೆ, ಸರ್ವರ್ ಸಮಸ್ಯೆ, ನಿಮ್ಮ 1,500 ಹಿಂದಕ್ಕೆ ಹಾಕುತ್ತೇನೆ" ಎಂದು ಮತ್ತೊಂದು ಕೋರಿಕೆ ಕಳಿಸಿದ. ಪಿನ್ ಹಾಕಿದ ಮೇಲೆ ಬಾಕಿ 3,245. ಗಾಬರಿಯಲ್ಲಿದ್ದ ಅವರಿಗೆ ಮೂರನೆಯ ಕೋರಿಕೆ ಬಂದಾಗಲೂ ಅದು ತಮ್ಮ ಹಣ ಮರಳುವ ದಾರಿಯಂತೆಯೇ ಕಂಡಿತು. ಕೊನೆಗೆ ಉಳಿದದ್ದು 1,745 ರೂಪಾಯಿ. ಹೋದದ್ದು 4,500, ಬಂದದ್ದು 5. ಕೂಲರ್ ಮಾತ್ರ ಮನೆಯಲ್ಲೇ ಇತ್ತು.

ಮೊತ್ತ ಪ್ರತಿಸಲವೂ 1,500 ಇದ್ದದ್ದು ಆಕಸ್ಮಿಕವಾಗಿರಲಾರದು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಕಲೆಕ್ಟ್ ಕೋರಿಕೆಗೆ ಆಗ ಒಂದು ಸಲಕ್ಕೆ 2,000 ರೂಪಾಯಿ ಮಿತಿ ಇತ್ತು. ದೊಡ್ಡ ಮೊತ್ತವನ್ನು ಒಮ್ಮೆಲೇ ಎಳೆಯಲಾಗದ ಕಾರಣ "ಹಿಂದಕ್ಕೆ ಕಳಿಸುತ್ತೇನೆ" ಎಂಬ ನೆಪದಲ್ಲಿ ಅದೇ ಬಾವಿಗೆ ಮತ್ತೆ ಮತ್ತೆ ಕೊಡ ಇಳಿಸುವುದು ಇವರ ಪದ್ಧತಿ.

ಮೊದಲು 5 ರೂಪಾಯಿ ನಿಜವಾಗಿಯೂ ಬಂದಿತ್ತಲ್ಲ? ಆಗಲೂ ಪಿನ್ ಹಾಕಿದ್ದರೇ?

ಇಲ್ಲ, ಹಾಕಿರಲಿಲ್ಲ. ನಾನೂ ಅವರಿಗೆ ಇದೇ ಪ್ರಶ್ನೆ ಕೇಳಿದೆ. ಮೊಬೈಲ್ ಟೇಬಲ್ಲಿನ ಮೇಲಿತ್ತು, ಸಂದೇಶ ಬಂತು, ಅಷ್ಟೇ. ವಂಚಕನು ನಂಬಿಕೆ ಹುಟ್ಟಿಸಲು ಕಳಿಸಿದ ಆ ಐದು ರೂಪಾಯಿಯೇ ಅವನ ಸುಳ್ಳನ್ನು ತೋರಿಸಿಕೊಡುತ್ತಿತ್ತು: ಐದು ರೂಪಾಯಿ ಪಿನ್ ಇಲ್ಲದೆ ಬರುವುದಾದರೆ ಒಂದೂವರೆ ಸಾವಿರಕ್ಕೆ ಪಿನ್ ಏಕೆ ಬೇಕು? ಈ ಹೋಲಿಕೆಯನ್ನು ತೋರಿಸಿದಾಗ ಜನರಿಗೆ ಥಟ್ಟನೆ ಅರ್ಥವಾಗುವಷ್ಟು ನನ್ನ ಬೇರೆ ಯಾವ ವಿವರಣೆಯೂ ಅರ್ಥವಾಗಿಲ್ಲ.

ಪರದೆಯ ಮೇಲೆ ಏನನ್ನು ನೋಡಿ ಗುರುತಿಸಬೇಕು?

ಕೋರಿಕೆಯ ಪುಟದಲ್ಲಿ ಸಾಮಾನ್ಯವಾಗಿ ಕೇಳಿದವರ ಹೆಸರು, ಮೊತ್ತ, ಒಂದು ಸಾಲಿನ ಟಿಪ್ಪಣಿ ಮತ್ತು Pay, Decline ಎಂಬಂಥ ಎರಡು ಬಟನ್‌ಗಳು ಇರುತ್ತವೆ. Pay ಎಂದರೆ ಕೊಡು ಎಂದೇ ಅರ್ಥ. ಅದಕ್ಕೆ ಬೇರೆ ಅರ್ಥವಿಲ್ಲ. ಆ್ಯಪ್‌ನಿಂದ ಆ್ಯಪ್‌ಗೆ ಬಟನ್ನಿನ ಮಾತು ಬದಲಾಗಬಹುದು, ಆದ್ದರಿಂದ ಅದಕ್ಕಿಂತ ಪಿನ್ ಹಾಕುವ ಪುಟವನ್ನು ನೋಡುವುದು ಒಳ್ಳೆಯದು. ಅದರ ಮೇಲ್ಭಾಗದಲ್ಲಿ ಯಾರಿಗೆ ಹೋಗುತ್ತಿದೆ ಎಂಬ ಹೆಸರೂ ಎಷ್ಟು ಎಂಬ ಮೊತ್ತವೂ ಕಾಣುತ್ತವೆ. ಅವಸರದಲ್ಲಿ ಜನರು ಕೆಳಗಿನ ಅಂಕಿಗಳ ಕಡೆ ನೋಡುತ್ತಾರೆಯೇ ಹೊರತು ಮೇಲಿನ ಈ ಸಾಲನ್ನು ಓದುವುದಿಲ್ಲ.

ಟಿಪ್ಪಣಿಯನ್ನು ಮಾತ್ರ ನಂಬಲೇಬೇಡಿ. ಅದು ಕೋರಿಕೆ ಕಳಿಸುವವರು ತಮಗೆ ತೋಚಿದಂತೆ ಬರೆಯುವ ಸಾಲು. "ಮುಂಗಡ ಜಮಾ", "ಬೆಳೆ ವಿಮೆ ಪರಿಹಾರ", "ಕ್ಯಾಶ್‌ಬ್ಯಾಕ್" ಎಂದು ಅವರು ಏನನ್ನಾದರೂ ಬರೆಯಬಹುದು, ಬ್ಯಾಂಕು ಅದನ್ನು ಪರಿಶೀಲಿಸುವುದಿಲ್ಲ, ಹಣದ ದಿಕ್ಕೂ ಅದರಿಂದ ಬದಲಾಗುವುದಿಲ್ಲ.

ಬ್ಯಾಲೆನ್ಸ್ ನೋಡಲೂ ಪಿನ್ ಕೇಳುತ್ತದೆ. ಆಗಲೂ ಹಣ ಹೋಗುತ್ತದೆಯೇ?

ಇಲ್ಲ. ಬ್ಯಾಲೆನ್ಸ್ ನೋಡಲು ಹಾಕಿದ ಪಿನ್ ಆ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ಬದಿಯಲ್ಲಿ ಬಾಕಿ ಇರುವ ಕೋರಿಕೆಗೆ ಅದು ತಾನಾಗಿ ಹೋಗಿ ಅಂಟಿಕೊಳ್ಳುವುದಿಲ್ಲ. ಆದರೆ ಫೋನಿನಲ್ಲಿ ಮಾತನಾಡುತ್ತಿರುವವನು "ಬಂದಿದೆಯೋ ಇಲ್ಲವೋ ಬ್ಯಾಲೆನ್ಸ್ ನೋಡಿ" ಎನ್ನುತ್ತ ಕೋರಿಕೆಯ ಪುಟವನ್ನೇ ತೆರೆಸಬಹುದು. ಬ್ಯಾಲೆನ್ಸಿನ ಪಿನ್ ಪುಟದಲ್ಲಿ ಪಾವತಿಯ ಮೊತ್ತ ಇರುವುದಿಲ್ಲ, ಕೋರಿಕೆಯದರಲ್ಲಿ ಇರುತ್ತದೆ. ವ್ಯತ್ಯಾಸವನ್ನು ಅಲ್ಲಿಯೇ ಹಿಡಿಯಬೇಕು.

ಈಗ ಕಲೆಕ್ಟ್ ರಿಕ್ವೆಸ್ಟ್ ನಿಂತುಹೋಗಿದೆ ಎಂದು ಕೇಳಿದ್ದೇವೆ. ನಿಜವೇ?

ಅರ್ಧ ನಿಜ. ಎನ್‌ಪಿಸಿಐ 2025ರ ಜುಲೈನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳಿಸುವ ಕಲೆಕ್ಟ್ ಕೋರಿಕೆಯನ್ನು ಬ್ಯಾಂಕುಗಳೂ ಆ್ಯಪ್‌ಗಳೂ 2025ರ ಅಕ್ಟೋಬರ್ 1ರ ನಂತರ ನಡೆಸುವಂತಿಲ್ಲ. ಕೂಲರ್ ಪ್ರಸಂಗದಂಥ ಮೋಸಗಳೇ ಹೆಚ್ಚಿದ್ದರಿಂದ ಬಂದ ನಿರ್ಧಾರವಿದು. ಗೆಳೆಯರಿಂದ ಊಟದ ಪಾಲು ಕೇಳುವಂಥ ಸಣ್ಣ ಅನುಕೂಲವನ್ನು ಅದರ ಜೊತೆಗೇ ಕಳೆದುಕೊಂಡೆವು, ಆದರೆ ನನ್ನ ಕೌಂಟರಿನಿಂದ ನೋಡಿದರೆ ಅದು ಕೊಡಬಹುದಾದ ಬೆಲೆಯೇ.

ಆ ಸೂಚನೆ ವ್ಯಾಪಾರಿಗಳು ಕಳಿಸುವ ಕೋರಿಕೆಗಳನ್ನು ನಿಲ್ಲಿಸಲಿಲ್ಲ. ಹಾಗಾಗಿ ವ್ಯಾಪಾರಿಯ ಹೆಸರಿನಲ್ಲಿ ಖಾತೆ ತೆರೆದುಕೊಂಡ ವಂಚಕನಿಗೆ ಬಾಗಿಲು ಪೂರ್ತಿ ಮುಚ್ಚಿದೆ ಎನ್ನಲಾಗದು. ಇದಲ್ಲದೆ ಆಟೋಪೇ ಎಂಬ ಇನ್ನೊಂದು ಬಗೆಯ ಕೋರಿಕೆ ಇದೆ. ಅದಕ್ಕೆ ಒಪ್ಪಿ ಪಿನ್ ಹಾಕಿದರೆ ತಿಂಗಳು ತಿಂಗಳು ನಿಮ್ಮ ಖಾತೆಯಿಂದ ಹಣ ತೆಗೆದುಕೊಳ್ಳಲು ಅನುಮತಿ ಕೊಟ್ಟಂತೆ. ಒಮ್ಮೆ ಹೋಗುವುದಕ್ಕಿಂತ ಇದು ಕೆಟ್ಟದ್ದು. ಕೊಟ್ಟ ಅನುಮತಿಯನ್ನು ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ರದ್ದು ಮಾಡಬಹುದು.

ವ್ಯಾಪಾರಿಯಿಂದ ಬಂದ ಕೋರಿಕೆ ಯಾವಾಗ ಸರಿ?

ನೀವೇ ಶುರು ಮಾಡಿದ್ದರೆ ಸರಿ. ಆನ್‌ಲೈನ್‌ನಲ್ಲಿ ರೈಲು ಟಿಕೆಟೋ ಬಟ್ಟೆಯೋ ಕೊಳ್ಳುತ್ತ, ಪಾವತಿಯ ಜಾಗದಲ್ಲಿ ನಿಮ್ಮ ಯುಪಿಐ ಐಡಿಯನ್ನು ನೀವೇ ತುಂಬಿದ ಮರುಕ್ಷಣ, ಅದೇ ಅಂಗಡಿಯ ಹೆಸರಿನಲ್ಲಿ, ಅದೇ ಮೊತ್ತಕ್ಕೆ ಬಂದ ಕೋರಿಕೆ ನೀವೇ ಕೇಳಿ ತರಿಸಿಕೊಂಡ ಬಿಲ್ಲು. ಆಗಲೂ ಹಣ ಹೋಗುವುದು ನಿಮ್ಮಿಂದಲೇ, ಆದರೆ ಹೋಗಬೇಕಾದದ್ದೇ ಹೋಗುತ್ತದೆ. ನೀವು ಏನನ್ನೂ ಕೊಳ್ಳದೆ ಇರುವಾಗ ಬಂದ ಕೋರಿಕೆಗೆ ಈ ಸಮರ್ಥನೆ ಇಲ್ಲ.

ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಹಣ ಪಡೆಯಿರಿ ಎನ್ನುತ್ತಾರಲ್ಲ?

ಅದೂ ಇದೇ ಮೋಸ, ವೇಷ ಬೇರೆ. ಸೂಪರ್ ಮಾರ್ಕೆಟಿನ ತರಕಾರಿ ಗಾಡಿಯ ಮೇಲೆ ಅಂಟಿಸಿದ ಕ್ಯುಆರ್ ಯಾರದು, ಸ್ಕ್ಯಾನ್ ಮಾಡುವವರು ಯಾರು ಎಂದು ನೆನೆಯಿರಿ: ಪಡೆಯುವವರು ತೋರಿಸುತ್ತಾರೆ, ಕೊಡುವವರು ಸ್ಕ್ಯಾನ್ ಮಾಡುತ್ತಾರೆ.

ನಿಜವಾಗಿ ನಮ್ಮ ಹಣ ಎಲ್ಲೋ ಸಿಕ್ಕಿಕೊಂಡಿದ್ದರೆ ಅದನ್ನು ಮರಳಿ ಪಡೆಯಲು ಕೋರಿಕೆ ಒಪ್ಪಬೇಕೇ?

ಬೇಡ. ಪಾವತಿ ವಿಫಲವಾಗಿ ನಿಮ್ಮ ಖಾತೆಯಿಂದ ಕಡಿತವಾದ ಹಣ ಎದುರಿನವರಿಗೆ ತಲುಪದೆ ಹೋದರೆ ಅದು ತಾನಾಗಿಯೇ ಮರಳಬೇಕು. ವ್ಯಕ್ತಿಗಳ ನಡುವಿನ ವರ್ಗಾವಣೆಗೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಮರುದಿನದ ಗಡುವು ಕೊಟ್ಟಿದೆ. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಿಸಬೇಕು. ಈ ಮರಳಿಕೆಯಲ್ಲಿ ನೀವು ಒತ್ತಬೇಕಾದ ಬಟನ್ ಯಾವುದೂ ಇಲ್ಲ, ಕಾಯುವುದಷ್ಟೇ. "ರಿಫಂಡ್ ಬಂದಿದೆ, ಒಪ್ಪಿ" ಎಂದು ಯಾರಾದರೂ ಫೋನ್ ಮಾಡಿದರೆ ಆ ಮಾತೇ ಸುಳ್ಳಿಗೆ ಸಾಕ್ಷಿ.

ಪಿನ್ ಹಾಕಿಬಿಟ್ಟೆ, ಹಣ ಹೋಯಿತು. ಈಗ ಏನು ಮಾಡಬೇಕು?

ಮೊದಲು ಆ ಕರೆಯನ್ನು ಕಡಿತಗೊಳಿಸಿ. ಕೂಲರ್ ಪ್ರಸಂಗದಲ್ಲಿ ಮೂರರಲ್ಲಿ ಎರಡು ಪಾಲು ಹಣ ಹೋದದ್ದು ಮೊದಲ ತಪ್ಪಿನ ನಂತರ, ಕರೆ ಮುಂದುವರಿದ ಹೊತ್ತಿನಲ್ಲಿ. ಆಮೇಲೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅಥವಾ cybercrime.gov.in ತಾಣದಲ್ಲಿ ದೂರು ದಾಖಲಿಸಿ. ಆ್ಯಪ್‌ನ ವಹಿವಾಟು ವಿವರದಲ್ಲಿ ಯುಟಿಆರ್ ಎಂಬ 12 ಅಂಕಿಗಳ ಸಂಖ್ಯೆ ಇರುತ್ತದೆ; ದೂರು ಬರೆದುಕೊಳ್ಳುವವರಿಗೆ ಬೇಕಾಗುವುದು ಅದು, ಮೊತ್ತ, ಸಮಯ ಮತ್ತು ಎದುರಿನ ಯುಪಿಐ ಐಡಿ. ಕರೆಯ ದಾಖಲೆಯನ್ನೂ ಸಂದೇಶಗಳನ್ನೂ ಅಳಿಸಬೇಡಿ.

ಅವಸರಕ್ಕೆ ಕಾರಣವಿದೆ. ದೂರು ಬಂದ ಕೂಡಲೇ ಹಣ ಹೋಗಿ ಸೇರಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಮತ್ತು ಆ ಖಾತೆಯಲ್ಲಿ ಹಣ ಇನ್ನೂ ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ವಂಚಕರು ಅದನ್ನು ಬೇರೆ ಬೇರೆ ಖಾತೆಗಳಿಗೆ ಚದುರಿಸಿ ಎಟಿಎಂನಿಂದ ತೆಗೆದುಬಿಟ್ಟ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ. ಪೂರ್ತಿಯಾದ ಯುಪಿಐ ಪಾವತಿಯನ್ನು ನಿಮ್ಮ ಬ್ಯಾಂಕು ತಾನೊಂದೇ ಹಿಂದಕ್ಕೆ ಎಳೆಯಲಾರದು, ಆದರೂ ಶಾಖೆಗೆ ಬಂದು ಲಿಖಿತ ದೂರು ಕೊಟ್ಟು ಅದರ ಸ್ವೀಕೃತಿ ಪಡೆಯಿರಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು.

ಹೋದ ಹಣವನ್ನು ಬ್ಯಾಂಕು ಭರಿಸಬೇಕಲ್ಲವೇ?

ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ಹಣ ಸಿಗುತ್ತದೆ ಎಂಬ ಮಾತು ಊರಲ್ಲೆಲ್ಲ ಓಡಾಡುತ್ತಿದೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಆ ಮಾತು ಇರುವುದು ನಿಜ. ಆದರೆ ಅದು ಗ್ರಾಹಕರಿಗೆ ಗೊತ್ತೇ ಇಲ್ಲದೆ, ಅವರ ಅನುಮತಿಯಿಲ್ಲದೆ, ಮೂರನೆಯವರ ಕೈವಾಡದಿಂದ ನಡೆದ ವಹಿವಾಟಿಗೆ ಸಂಬಂಧಿಸಿದ್ದು. ಕಲೆಕ್ಟ್ ಕೋರಿಕೆಗೆ ಗ್ರಾಹಕರೇ ಪಿನ್ ಹಾಕಿರುವುದರಿಂದ, ಅವರೇ ಒಪ್ಪಿಗೆ ಕೊಟ್ಟ ಪಾವತಿ ಎಂದು ಬ್ಯಾಂಕುಗಳು ವಾದಿಸುತ್ತವೆ. ಮೋಸದಿಂದ ಪಡೆದ ಸಹಿಯನ್ನು ಸಹಿ ಎನ್ನಬೇಕೇ ಎಂದು ಆ ಮಹಿಳೆ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ, ಆದರೆ ಕೌಂಟರಿನ ಈಚೆ ಕುಳಿತವನ ಬಳಿ ಅದಕ್ಕೆ ಹಣವಿರಲಿಲ್ಲ. ಬ್ಯಾಂಕಿನ ಉತ್ತರ ಒಪ್ಪಿಗೆಯಾಗದಿದ್ದರೆ ಅಥವಾ 30 ದಿನಗಳಲ್ಲಿ ಉತ್ತರವೇ ಬಾರದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಕೋರಿಕೆ ಬಂದು ಕುಳಿತಿದೆ. ಏನೂ ಮಾಡದೆ ಬಿಟ್ಟರೆ ಹಣ ತಾನಾಗಿ ಹೋಗುತ್ತದೆಯೇ?

ಹೋಗುವುದಿಲ್ಲ. ಅವಧಿ ಮುಗಿದ ಮೇಲೆ ಕೋರಿಕೆ ತಾನಾಗಿಯೇ ಸತ್ತುಹೋಗುತ್ತದೆ. ಆದರೂ Decline ಒತ್ತಿ, ಆ ಐಡಿಯನ್ನು ಬ್ಲಾಕ್ ಮಾಡುವುದು ಒಳ್ಳೆಯದು. ಮನೆಯಲ್ಲಿ ಅದೇ ಮೊಬೈಲನ್ನು ಇನ್ನೊಬ್ಬರು ಬಳಸುತ್ತಿದ್ದು, ಅವರಿಗೂ ಪಿನ್ ಗೊತ್ತಿದ್ದರೆ ಇದು ಇನ್ನೂ ಅಗತ್ಯ.